ಫಲಿತಾಂಶ ಇಳಿದ ವರ್ಷ ಗಣಿತ ಮೇಷ್ಟ್ರ ವಾರ್ಷಿಕ ವರದಿ ಬರೆಯುವುದು ಹೇಗೆ?

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಮುಖ್ಯ ಶಿಕ್ಷಕಿ ನಾನು. ನಮ್ಮ ಗಣಿತ ಮೇಷ್ಟ್ರ 2024-25ರ ಕಾರ್ಯನಿರ್ವಹಣಾ ವರದಿ ಬರೆಯಬೇಕು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಕಳೆದ ಸಲ 40ಕ್ಕೆ 37 ಪಾಸ್, ಈ ಸಲ 36ಕ್ಕೆ 28. "ಗಟ್ಟಿಯಾಗಿ ಬರೀರಿ, ಇನ್‌ಕ್ರಿಮೆಂಟ್ ನಿಲ್ಲಿಸೋಣ" ಅಂತಾರೆ ಕಾರ್ಯದರ್ಶಿಗಳು. ನನ್ನ ಕರಡು ಇಷ್ಟು: "ಫಲಿತಾಂಶ ತೃಪ್ತಿಕರವಾಗಿಲ್ಲ. ಮಕ್ಕಳೊಂದಿಗೆ ಸಂಯಮ ಸಾಲದು. ಸಹಕಾರ ಮನೋಭಾವ ಕಡಿಮೆ. ಇನ್ನಷ್ಟು ಶ್ರಮಿಸಬೇಕು." ಓದಿದರೆ ನನಗೇ ಸಮಾಧಾನ ಇಲ್ಲ. ಅಂಕಪಟ್ಟಿ, ನನ್ನ ತರಗತಿ ವೀಕ್ಷಣೆಯ ಟಿಪ್ಪಣಿ, ಜನವರಿಯಲ್ಲಿ ತೆಗೆದ ನೋಟ್‌ಬುಕ್ ಫೋಟೋಗಳನ್ನು ಕಳಿಸಿದ್ದೇನೆ. ಯಾರಿಗೂ ಅನ್ಯಾಯ ಆಗದ ಹಾಗೆ ಹೇಗೆ ಬರೆಯಲಿ?

ಉತ್ತರ: ನಿಮ್ಮ ಕರಡಿನ ನಾಲ್ಕು ವಾಕ್ಯಗಳನ್ನು ನಿಮ್ಮ ಶಾಲೆಯ ಯಾವ ಶಿಕ್ಷಕರ ಹೆಸರಿನ ಕೆಳಗೆ ಬೇಕಾದರೂ ಇಡಬಹುದು. ಅದೇ ತೊಂದರೆ. ವರದಿ ಓದಿದ ಮೇಷ್ಟ್ರು "ಯಾವತ್ತು? ಎಲ್ಲಿ? ಯಾವ ಮಗುವಿನ ವಿಷಯ?" ಅಂತ ಕೇಳಿದರೆ ವಾಕ್ಯದ ಒಳಗೇ ಉತ್ತರ ಇರಬೇಕು. ಹಾಗಿಲ್ಲದ ವಾಕ್ಯವನ್ನು ತೆಗೆಯಿರಿ, ಇಲ್ಲವೇ ಉತ್ತರ ಹುಡುಕಿ ತುಂಬಿ. ನೀವು ಕಳಿಸಿದ ಕಾಗದಗಳಲ್ಲಿ ಆ ಉತ್ತರಗಳು ಬಹುಪಾಲು ಇವೆ. ಆದರೆ ಕರಡು ಹೇಳುವುದಕ್ಕೂ ಅವು ಹೇಳುವುದಕ್ಕೂ ತುಂಬಾ ಅಂತರ ಇದೆ.

ಮೊದಲು ಫಲಿತಾಂಶ. 37ರಿಂದ 28ಕ್ಕೆ ಬಿತ್ತು ಅಂದರೆ ಯಾರಿಗಾದರೂ ಗಾಬರಿ ಆಗುತ್ತದೆ. ನಿಮ್ಮ ಹಾಸನ ಜಿಲ್ಲೆ 2019ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂದಿತ್ತು. ಅಂಥ ಕಡೆ ಶೇಕಡಾವಾರು ಇಳಿದರೆ ಆಡಳಿತ ಮಂಡಳಿ ಸುಮ್ನೆ ಕೂರುವುದಿಲ್ಲ, ಅದೂ ಗೊತ್ತು. ಆದರೆ ಈ ಎರಡು ವರ್ಷಗಳನ್ನು ನೇರವಾಗಿ ಪಕ್ಕಪಕ್ಕ ಇಡುವ ಹಾಗಿಲ್ಲ. 2024ರ ಪರೀಕ್ಷೆಯಲ್ಲಿ ಕೊಠಡಿಗಳ ಮೇಲೆ ಕ್ಯಾಮೆರಾದಿಂದ ನೇರ ಕಣ್ಣಿಡುವ ವೆಬ್‌ಕಾಸ್ಟಿಂಗ್ ಬಂತು, ರಾಜ್ಯದಲ್ಲೆಲ್ಲ ಫಲಿತಾಂಶ ಕುಸಿಯಿತು, ಪರೀಕ್ಷಾ ಮಂಡಳಿ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿತು. 2025ರಲ್ಲಿ ಆ ಕೃಪಾಂಕ ಇರಲಿಲ್ಲ. ಕಳೆದ ವರ್ಷದ 37 ಮಕ್ಕಳಲ್ಲಿ ನಾಲ್ವರು ಕೃಪಾಂಕದಿಂದ ಗಣಿತ ದಾಟಿದವರು ಅಂತ ಅಂಕಪಟ್ಟಿಯ ಕೆಳಗೆ ನೀವೇ ಗುರುತು ಹಾಕಿದ್ದೀರಿ. ಅವರನ್ನು ಬಿಟ್ಟರೆ 40ಕ್ಕೆ 33, ಅಂದರೆ ಶೇಕಡಾ 82.5. ಈ ವರ್ಷದ 36ಕ್ಕೆ 28 ಅಂದರೆ ಶೇಕಡಾ 77.8. 36 ಮಕ್ಕಳ ತರಗತಿಯಲ್ಲಿ ಒಂದು ಮಗು ಅಂದರೇ ಶೇಕಡಾ 2.8. ಹಾಗಾಗಿ ಈ ಇಳಿತ ಹೆಚ್ಚುಕಡಿಮೆ ಇಬ್ಬರು ಮಕ್ಕಳದ್ದು. ಇಬ್ಬರಿಗೆ ಪರೀಕ್ಷೆಯ ದಿನ ಜ್ವರ ಬಂದರೂ ಇಷ್ಟು ಇಳಿಯುತ್ತದೆ. ಇದನ್ನು ಹಿಡಿದುಕೊಂಡು ಒಬ್ಬರ ಇನ್‌ಕ್ರಿಮೆಂಟ್ ನಿಲ್ಲಿಸುವುದು ಸರಿಯಲ್ಲ.

ಹಾಗಂತ ಅಂಕಪಟ್ಟಿಯನ್ನು ಮಡಚಿ ಇಡಬೇಡಿ. ಅದಕ್ಕೆ ಬೇರೆ ಪ್ರಶ್ನೆ ಕೇಳಿ: ಇದೇ 36 ಮಕ್ಕಳು ಒಂಬತ್ತನೇ ತರಗತಿಯಿಂದ ಯಾವ ಸ್ಥಿತಿಯಲ್ಲಿ ಬಂದರು? ನಿಮ್ಮ ಪಟ್ಟಿಯ ಪ್ರಕಾರ ಒಂಬತ್ತರ ವಾರ್ಷಿಕದಲ್ಲಿ ಗಣಿತಕ್ಕೆ ನೂರಕ್ಕೆ 35 ಕೂಡ ಬಾರದವರು ಒಂಬತ್ತು ಮಂದಿ. ಆಗ ಗಣಿತ ತೆಗೆದುಕೊಳ್ಳುತ್ತಿದ್ದವರು ಬೇರೆ ಶಿಕ್ಷಕಿ, ವರ್ಷದ ನಡುವೆ ಕೆಲಸ ಬಿಟ್ಟರು ಅಂತಲೂ ಬರೆದಿದ್ದೀರಿ. ಆ ಒಂಬತ್ತರಲ್ಲಿ ನಾಲ್ವರು ಈಗ ಪಾಸಾಗಿದ್ದಾರೆ. ಇದು ಮೇಷ್ಟ್ರ ಲೆಕ್ಕಕ್ಕೆ ಸೇರಬೇಕಾದ ಕೆಲಸ, ನಿಮ್ಮ ಕರಡಿನಲ್ಲಿ ಒಂದು ಅಕ್ಷರವೂ ಇಲ್ಲ. ಉಳಿದ 27 ಮಕ್ಕಳಲ್ಲಿ ಫೇಲಾದವರು ಮೂವರು. ಒಂಬತ್ತರಲ್ಲಿ ಅವರಿಗೆ 48, 52, 55 ಬಂದಿತ್ತು. ಈ ಸಲ ವಿಜ್ಞಾನದಲ್ಲಿ ಮೂವರೂ ಪಾಸ್, ಗಣಿತದಲ್ಲಿ ಮಾತ್ರ ಹೋಗಿದೆ. ಒಂಬತ್ತರ ಪರೀಕ್ಷೆ ಶಾಲೆಯೊಳಗೇ ತಿದ್ದಿದ್ದು, ಸ್ವಲ್ಪ ಧಾರಾಳವಾಗಿ ಅಂಕ ಹಾಕಿರಬಹುದು. ಆದರೂ ಓದುವ ಮಕ್ಕಳೇ ಹೀಗೆ ಒಂದೇ ವಿಷಯದಲ್ಲಿ ಜಾರಿದ್ದಾರೆ ಅಂದರೆ ಅಲ್ಲಿ ಏನೋ ನಡೆದಿದೆ. ನಿಮ್ಮ ವರದಿಯ ಕೇಂದ್ರ ಈ ಮೂವರು. ಶೇಕಡಾವಾರು ಅಲ್ಲ.

ಅದಕ್ಕೇ ನೋಟ್‌ಬುಕ್ ಫೋಟೋಗಳಲ್ಲಿ ಅವರ ಪುಟಗಳನ್ನು ಹುಡುಕಿದೆ. 52 ತೆಗೆದಿದ್ದ ಹುಡುಗಿಯ ಎರಡು ಪುಟ ಸಿಕ್ಕಿವೆ. ಒಂದರಲ್ಲಿ ಸಮಾಂತರ ಶ್ರೇಢಿ: ಮೊದಲ ಪದ 20, ವ್ಯತ್ಯಾಸ −4, ಹತ್ತನೇ ಪದ ಎಷ್ಟು? ಅವಳು ಸೂತ್ರ ಸರಿಯಾಗಿ ಬರೆದಿದ್ದಾಳೆ, 20 + 9 × (−4) ತನಕ ಬಂದಿದ್ದಾಳೆ, ಆಮೇಲೆ 20 + 36 = 56 ಅಂದಿದ್ದಾಳೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಕೆಳಗೆ −16 ಅಂತ ಬರೆದು, ಸಹಿ ಹಾಕಿ ದಿನಾಂಕ ಹಾಕಿದ್ದಾರೆ. ಇನ್ನೊಂದು ಪುಟ ವರ್ಗ ಸಮೀಕರಣ: 2x² − 5x + 3 = 0. ಇಲ್ಲಿ −b ಅಂದರೆ +5 ಆಗಬೇಕು, ಅವಳು −5 ಇಟ್ಟುಕೊಂಡಿದ್ದಾಳೆ. ಉತ್ತರ −1 ಮತ್ತು −3/2 ಬಂದಿದೆ. ಮತ್ತೆ ಕೆಂಪು ಗೆರೆ, ಪಕ್ಕದಲ್ಲಿ 1, 3/2, ಸಹಿ, ದಿನಾಂಕ.

ಈ ಎರಡು ಪುಟಗಳನ್ನು ಜೊತೆಗೆ ಇಟ್ಟು ನೋಡಿ. ಹುಡುಗಿಗೆ ಶ್ರೇಢಿಯೂ ಗೊತ್ತು, ಸೂತ್ರವೂ ಗೊತ್ತು. ಅವಳು ಎಡವುತ್ತಿರುವುದು ಋಣ ಚಿಹ್ನೆಯಲ್ಲಿ, ಎರಡು ಕಡೆಯೂ ಅದೇ. ಮೇಷ್ಟ್ರು ನೋಟ್‌ಬುಕ್ ತಿದ್ದಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ, ದಿನಾಂಕ ಸಮೇತ ತಿದ್ದಿದ್ದಾರೆ. ಆದರೆ ತಪ್ಪು ಯಾವ ಹೆಜ್ಜೆಯಲ್ಲಿ ಹುಟ್ಟಿತು ಅಂತ ಗುರುತು ಮಾಡಿಲ್ಲ, ಅವಳ ಕೈಯಲ್ಲಿ ಮತ್ತೆ ಮಾಡಿಸಿಲ್ಲ. ಅವಳು ಸರಿ ಉತ್ತರ ನೋಡಿ ಪುಟ ತಿರುಗಿಸಿದ್ದಾಳೆ. ನೀವು ಕಳಿಸಿದ ಹತ್ತು ನೋಟ್‌ಬುಕ್‌ಗಳಲ್ಲಿ ಎಂಟು ಹೀಗೇ ಇವೆ. ಮಗು ತಾನೇ ಮರುಪ್ರಯತ್ನ ಮಾಡಿದ ಗುರುತು ಇರುವುದು ಎರಡರಲ್ಲಿ, ಅವೆರಡೂ ಮೊದಲ ಬೆಂಚಿನ ಮಕ್ಕಳವು. ಇದು ನಿಜವಾದ ಆಧಾರ. ಇದರ ಮೇಲೆ ಏನಾದರೂ ಕಟ್ಟಬಹುದು.

ಜೊತೆಗೇ ಇನ್ನೊಂದು ಕಾಗದವನ್ನೂ ಓದಬೇಕು: ವೇಳಾಪಟ್ಟಿ. ಮೇಷ್ಟ್ರಿಗೆ ವಾರಕ್ಕೆ 32 ಪೀರಿಯಡ್, ಮೂರು ತರಗತಿಗಳ 112 ನೋಟ್‌ಬುಕ್, ಅದರ ಮೇಲೆ ಮಕ್ಕಳ ಮಾಹಿತಿಯನ್ನು ಇಲಾಖೆಯ ಆನ್‌ಲೈನ್ ವ್ಯವಸ್ಥೆಗೆ ತುಂಬುವ ಸ್ಯಾಟ್ಸ್ ಎಂಟ್ರಿಯೂ ಅವರದ್ದೇ. ಒಂದು ನೋಟ್‌ಬುಕ್‌ಗೆ ಐದೇ ನಿಮಿಷ ಅಂದರೂ ಒಂದು ಸುತ್ತಿಗೆ ಒಂಬತ್ತು ಗಂಟೆ ದಾಟುತ್ತದೆ. ಸಹಿ ಮತ್ತು ದಿನಾಂಕದ ತಿದ್ದುವಿಕೆ ಸೋಮಾರಿತನದಿಂದ ಬಂದಿದ್ದಲ್ಲ, ಬಹುಶಃ ಈ ಲೆಕ್ಕದಿಂದ ಬಂದಿದ್ದು. ಅದರಲ್ಲಿ ಶಾಲೆಯ ಪಾಲೂ ಇದೆ. ವರದಿಯಲ್ಲಿ ಅದನ್ನು ಬರೆಯದಿದ್ದರೆ ಅರ್ಧ ಸತ್ಯ ಬರೆದ ಹಾಗೆ.

ಈಗ "ಸಹಕಾರ ಮನೋಭಾವ ಕಡಿಮೆ". ಇದರ ಹಿಂದೆ ಇರುವುದು ಒಂದೇ ಸಂಗತಿ: ಫೆಬ್ರವರಿಯಲ್ಲಿ ಸಂಜೆ ಐದೂವರೆವರೆಗಿನ ವಿಶೇಷ ತರಗತಿಗೆ ಅವರು ಒಪ್ಪಲಿಲ್ಲ. ಆದರೆ ನವೆಂಬರಿನಿಂದ ಬೆಳಗ್ಗೆ ಎಂಟೂಮುಕ್ಕಾಲಿಗೆ ತರಗತಿ ತೆಗೆದುಕೊಂಡಿದ್ದಾರೆ, ಹಾಜರಿ ಪುಸ್ತಕ ಇದೆ. ಸಂಜೆ ಬೇಡ ಅನ್ನಲು ಅವರು ಕೊಟ್ಟ ಕಾರಣ, ತೋಟದ ದಾರಿಯಲ್ಲಿ ನಡೆದು ಹೋಗುವ ಮಕ್ಕಳಿಗೆ ಕತ್ತಲಾಗುತ್ತದೆ, ಆನೆ ಓಡಾಟ ಇದೆ ಅಂತ. ಸಕಲೇಶಪುರ, ಆಲೂರು ಕಡೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಈ ವಾಕ್ಯವನ್ನು ಪೂರ್ತಿ ತೆಗೆಯಿರಿ. ಮನೋಭಾವ ಅನ್ನುವುದನ್ನು ಯಾರೂ ನೋಡಲಾರರು, ನಡೆದದ್ದನ್ನು ಮಾತ್ರ ನೋಡಬಹುದು. ಇನ್ನೊಂದು ಮಾತು. ನಿಮ್ಮ ಕರಡಿನ ದೂರುಗಳೆಲ್ಲ ಜನವರಿಯಿಂದ ಈಚೆಯವು. ಜೂನ್‌ನಿಂದ ಡಿಸೆಂಬರ್ ತನಕ ಆರೇಳು ತಿಂಗಳು ಅವರು ಶಾಲೆಯಲ್ಲಿ ಏನು ಮಾಡಿದರು ಅನ್ನುವುದೇ ಇಲ್ಲ. ವರ್ಷದ ಕೊನೆಗೆ ಕೂತು ಬರೆಯುವವರಿಗೆಲ್ಲ ಇದು ಆಗುತ್ತದೆ. ತಿಂಗಳಿಗೊಂದು ಸಾಲು ದಿನಾಂಕ ಹಾಕಿ ಬರೆದಿಡುವುದು ಬಿಟ್ಟರೆ ಇದಕ್ಕೆ ಬೇರೆ ಮದ್ದಿಲ್ಲ.

"ಸಂಯಮ ಸಾಲದು" ಅನ್ನುವ ವಾಕ್ಯ ಮಾತ್ರ ಹಗುರವಲ್ಲ. ತೋಟದ ಕೂಲಿಕಾರರ ಲೈನ್ ಮನೆಯಿಂದ ಬರುವ ಒಬ್ಬ ಹುಡುಗನಿಗೆ ಮೇಷ್ಟ್ರು "ನಿನಗೆ ತೋಟದ ಕೆಲಸವೇ ಸರಿ" ಅಂದರು ಅಂತ ಅವನ ತಾಯಿ ನಿಮ್ಮ ಹತ್ತಿರ ಬಾಯಲ್ಲಿ ಹೇಳಿದ್ದಾರೆ. ನೀವು ಆಗ ಮೇಷ್ಟ್ರನ್ನು ಕೇಳಲಿಲ್ಲ. ಈಗ ನಾಲ್ಕು ತಿಂಗಳಾಗಿದೆ. ಆ ಮಾತು ನಿಜವಾಗಿದ್ದರೆ ಅದು "ಸಂಯಮ ಸಾಲದು" ಅನ್ನುವಷ್ಟು ಸಣ್ಣದಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಆ ಕಾಯ್ದೆ ಎಂಟನೇ ತರಗತಿವರೆಗಿನದು, ನಿಜ. ಒಂಬತ್ತು, ಹತ್ತರ ಮಕ್ಕಳಿಗೆ ಹಾಗೆ ಅನ್ನಬಹುದು ಅಂತ ಅರ್ಥವಲ್ಲ. ಆ ಮಾತು ಸುಳ್ಳಾಗಿದ್ದರೆ, ಕೇಳದೇ ಬರೆದ ಒಂದು ಸಾಲು ಅವರ ಕಡತದಲ್ಲಿ ಉಳಿದುಬಿಡುತ್ತದೆ. ಎರಡು ಕಡೆಯಿಂದಲೂ ಅದನ್ನು ಈಗ ವರದಿಯೊಳಗೆ ತುರುಕುವುದು ತಪ್ಪು. ದೂರನ್ನು ಬೇರೆ ಕಾಗದದಲ್ಲಿ ಬರೆಸಿಕೊಳ್ಳಿ. ಮೇಷ್ಟ್ರನ್ನು ಕರೆದು ನೇರವಾಗಿ ಕೇಳಿ, ಅವರ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಹುಡುಗನ ಜೊತೆ, ಅವನ ಪಕ್ಕ ಕೂರುತ್ತಿದ್ದ ಇಬ್ಬರ ಜೊತೆ ಬೇರೆಬೇರೆಯಾಗಿ ಮಾತಾಡಿ. ಏನು ಗೊತ್ತಾಯಿತೋ ಅದು ಅದರದೇ ಕಡತದಲ್ಲಿ ಇರಲಿ. ದೂರು ಸಾಬೀತಾದರೆ ಅದಕ್ಕೆ ಬೇರೆ ಕ್ರಮ ಇದೆ. ವಾರ್ಷಿಕ ವರದಿಯನ್ನು ಶಿಕ್ಷೆಯ ಕಾಗದ ಮಾಡಬೇಡಿ.

ನೀವೇ ಕಣ್ಣಾರೆ ಕಂಡದ್ದು ಒಂದಿದೆ, ಅದನ್ನು ಬಳಸಿ. ಫೆಬ್ರವರಿಯ ವೀಕ್ಷಣೆಯಲ್ಲಿ ಮೇಷ್ಟ್ರು ಕೇಳಿದ 14 ಪ್ರಶ್ನೆಗಳಲ್ಲಿ 11 ಮೊದಲ ಎರಡು ಬೆಂಚಿಗೆ ಹೋದವು ಅಂತ ಬರೆದಿದ್ದೀರಿ. ಇದು ಒಳ್ಳೆಯ ಟಿಪ್ಪಣಿ, ಇಂಥದ್ದು ನಾನು ಅಪರೂಪಕ್ಕೆ ನೋಡುತ್ತೇನೆ. ಸೆಪ್ಟೆಂಬರಿನ ವೀಕ್ಷಣೆಯಲ್ಲಿ ಮಾತ್ರ "ಪಾಠ ಚೆನ್ನಾಗಿತ್ತು" ಅಂತ ಒಂದೇ ಸಾಲು. ಮುಂದೆ ಪ್ರತಿ ಸಲ ಕೂರುವಾಗ ಒಂದು ಹಾಳೆಯಲ್ಲಿ ಬೆಂಚುಗಳ ನಕ್ಷೆ ಹಾಕಿಕೊಳ್ಳಿ, ಪ್ರಶ್ನೆ ಯಾರಿಗೆ ಹೋಯಿತೋ ಅಲ್ಲಿ ಒಂದು ಗೀಟು ಎಳೆಯಿರಿ. ಒಬ್ಬರೇ ಒಂದು ಸಲ ನೋಡಿದ್ದನ್ನು ಇಡೀ ವರ್ಷದ ಮಾತು ಅಂತ ಬರೆಯುವ ಹಾಗಿಲ್ಲ. ಹಾಗಾಗಿ ಒಂದು ವೀಕ್ಷಣೆಗೆ ವಿಜ್ಞಾನದ ಮೇಡಂ ಕೂರಲಿ. ಇಬ್ಬರ ಗೀಟುಗಳೂ ಒಂದೇ ಕಥೆ ಹೇಳಿದರೆ ನಂಬಬಹುದು.

ಇಷ್ಟೆಲ್ಲ ಸೇರಿಸಿದರೆ ವರದಿಯ ಮುಖ್ಯ ಭಾಗ ಹೀಗೆ ಬರುತ್ತದೆ:

> "2025ರ ಎಸ್ಸೆಸ್ಸೆಲ್ಸಿ ಗಣಿತದಲ್ಲಿ 36ರಲ್ಲಿ 28 ಮಕ್ಕಳು ಉತ್ತೀರ್ಣರಾಗಿದ್ದಾರೆ. ಕೃಪಾಂಕ ಬಿಟ್ಟು ನೋಡಿದರೆ ಕಳೆದ ವರ್ಷ 40ರಲ್ಲಿ 33. ಒಂಬತ್ತನೇ ತರಗತಿಯಲ್ಲಿ 35ಕ್ಕಿಂತ ಕಡಿಮೆ ಪಡೆದಿದ್ದ ಒಂಬತ್ತು ಮಕ್ಕಳಲ್ಲಿ ನಾಲ್ವರು ಉತ್ತೀರ್ಣರಾಗಿದ್ದು, ನವೆಂಬರಿನಿಂದ ನಡೆಸಿದ ಬೆಳಗಿನ ತರಗತಿಯಲ್ಲಿ ಈ ನಾಲ್ವರೂ ಹಾಜರಿದ್ದರು. 48ರಿಂದ 55 ಅಂಕ ಪಡೆದಿದ್ದ ಮೂವರು ಗಣಿತದಲ್ಲಿ ಮಾತ್ರ ಅನುತ್ತೀರ್ಣರಾಗಿದ್ದಾರೆ. ಜನವರಿಯಲ್ಲಿ ನೋಡಿದ ಹತ್ತು ನೋಟ್‌ಬುಕ್‌ಗಳನ್ನೂ ದಿನಾಂಕ ಸಮೇತ ತಿದ್ದಲಾಗಿದೆ. ಎಂಟರಲ್ಲಿ ಅಂತಿಮ ಉತ್ತರ ಮಾತ್ರ ತಿದ್ದಿದ್ದು, ತಪ್ಪಿದ ಹೆಜ್ಜೆಯ ಗುರುತಾಗಲಿ ಮಗುವಿನ ಮರುಪ್ರಯತ್ನವಾಗಲಿ ಇಲ್ಲ. ಫೆಬ್ರವರಿಯ ವೀಕ್ಷಣೆಯಲ್ಲಿ 14 ಪ್ರಶ್ನೆಗಳಲ್ಲಿ 11 ಮುಂದಿನ ಎರಡು ಬೆಂಚಿನ ಮಕ್ಕಳಿಗೆ ಹೋದವು. ಈ ಅವಧಿಯಲ್ಲಿ ಶಿಕ್ಷಕರಿಗೆ ವಾರಕ್ಕೆ 32 ಪೀರಿಯಡ್, 112 ನೋಟ್‌ಬುಕ್ ಮತ್ತು ಸ್ಯಾಟ್ಸ್ ಎಂಟ್ರಿಯ ಹೊಣೆ ಇತ್ತು."

ಗಮನಿಸಿ, ಇದರಲ್ಲಿ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಆದರೆ ನಿಮ್ಮ ಕರಡಿಗಿಂತ ಇದು ಗಟ್ಟಿ. ಮೇಷ್ಟ್ರು ಒಂದು ಸಾಲನ್ನೂ "ಸುಳ್ಳು" ಅನ್ನಲಾರರು. ಬೆಳಗಿನ ತರಗತಿಯ ಸಾಲನ್ನು ಹಾಜರಿ ಪುಸ್ತಕ ತೆಗೆದು ನಾಲ್ವರ ಹೆಸರು ನೋಡಿದ ಮೇಲೆ ಮಾತ್ರ ಉಳಿಸಿಕೊಳ್ಳಿ. ಅದನ್ನು ನಾನು ನಿಮ್ಮ ಟಿಪ್ಪಣಿ ನೆಚ್ಚಿ ಬರೆದಿದ್ದೇನೆ.

ಶ್ರೇಣಿಯನ್ನು ಕೊನೆಗೆ ಹಾಕಿ. ಮೊದಲು ಶ್ರೇಣಿ ನಿರ್ಧರಿಸಿ ಆಮೇಲೆ ಅದಕ್ಕೆ ತಕ್ಕ ವಾಕ್ಯ ಹುಡುಕುವುದೇ ಹೆಚ್ಚಿನ ಕಡೆ ನಡೆಯುತ್ತದೆ. ಕಾರ್ಯದರ್ಶಿಗಳು ನಿಮ್ಮಿಂದ ಕೇಳುತ್ತಿರುವುದೂ ಅದನ್ನೇ. ನಿಮ್ಮ ನಮೂನೆಯಲ್ಲಿ ನಾಲ್ಕು ಶ್ರೇಣಿ ಇವೆ. ನನ್ನನ್ನು ಕೇಳಿದರೆ ಪಾಠ ಮತ್ತು ಹಾಜರಿಗೆ "ಉತ್ತಮ", ಮೌಲ್ಯಮಾಪನ ಮತ್ತು ಮರುಬೋಧನೆಗೆ "ಸುಧಾರಣೆ ಬೇಕು", ಒಟ್ಟಾರೆ "ತೃಪ್ತಿಕರ". ಎಲ್ಲಕ್ಕೂ ಒಂದೇ ಶ್ರೇಣಿ ಹಾಕಿದರೆ ಯಾವುದು ಚೆನ್ನಾಗಿದೆ, ಯಾವುದು ಇಲ್ಲ ಅನ್ನುವುದೇ ಕಾಣುವುದಿಲ್ಲ.

"ಇನ್ನಷ್ಟು ಶ್ರಮಿಸಬೇಕು" ಅನ್ನುವ ಜಾಗಕ್ಕೆ ಒಂದೇ ಒಂದು ಗುರಿ ಬರಲಿ. ಶೇಕಡಾ 90 ಫಲಿತಾಂಶ ಅನ್ನುವುದನ್ನು ಗುರಿ ಮಾಡಬೇಡಿ. ಅದು ಅವರೊಬ್ಬರ ಕೈಯಲ್ಲಿಲ್ಲ. ಅದನ್ನು ಗುರಿ ಮಾಡಿದ ಕಡೆ ಮೊದಲು ಆಗುವುದು ಹಿಂದುಳಿದ ಮಕ್ಕಳಿಗೆ ಟಿಸಿ ಕೊಡುವ ಮಾತು. ಗುರಿ ನೋಟ್‌ಬುಕ್‌ನಿಂದಲೇ ಬರಲಿ: ಜೂನ್‌ನಿಂದ ಅಕ್ಟೋಬರ್ ತನಕ, ಹತ್ತನೇ ತರಗತಿಯಲ್ಲಿ ವಾರಕ್ಕೆ ಒಂದೇ ಒಂದು ಲೆಕ್ಕವನ್ನು ಹೆಜ್ಜೆಹೆಜ್ಜೆಯಾಗಿ ತಿದ್ದಬೇಕು. ತಪ್ಪು ಹುಟ್ಟಿದ ಸಾಲಿಗೆ ಸುತ್ತು ಹಾಕಬೇಕು, ಸರಿ ಉತ್ತರ ಬರೆದುಕೊಡಬಾರದು, ಮಗು ಪಕ್ಕದಲ್ಲೇ ಮತ್ತೆ ಮಾಡಬೇಕು. ಉಳಿದ ಲೆಕ್ಕಗಳನ್ನು ಮಕ್ಕಳೇ ಬೋರ್ಡ್ ನೋಡಿ ತಿದ್ದಿಕೊಳ್ಳಲಿ. ತಿಂಗಳ ಕೊನೇ ಶನಿವಾರ ನೀವು ಆರು ನೋಟ್‌ಬುಕ್ ನೋಡಿ. ಹೆಚ್ಚು, ಮಧ್ಯಮ, ಕಡಿಮೆ ಅಂಕದ ಇಬ್ಬಿಬ್ಬರದು, ಹಾಜರಿ ಪುಸ್ತಕದಿಂದ ನೀವೇ ಆರಿಸಿದ್ದು. ಅವರು ತಂದುಕೊಟ್ಟ ಆರು ಬೇಡ. ಆರರಲ್ಲಿ ಐದರಲ್ಲಾದರೂ ಮರುಪ್ರಯತ್ನ ಕಾಣಬೇಕು.

ಇದರಲ್ಲೂ ಒಂದು ದಾರಿ ತಪ್ಪುವ ಜಾಗ ಇದೆ. ಎರಡನೇ ತಿಂಗಳಿಗೆ ಎಲ್ಲ ನೋಟ್‌ಬುಕ್‌ನಲ್ಲೂ ಚಂದದ ಮರುಪ್ರಯತ್ನ ಬಂದುಬಿಡಬಹುದು, ಪಕ್ಕದವರದ್ದನ್ನು ನೋಡಿ ಬರೆದದ್ದು. ಗೊತ್ತು ಮಾಡಿಕೊಳ್ಳುವುದು ಸುಲಭ. ಇಬ್ಬರು ಮಕ್ಕಳನ್ನು ಕರೆದು ಅದೇ ಲೆಕ್ಕವನ್ನು ಅಂಕಿ ಬದಲಿಸಿ ಕೊಡಿ: ಮೊದಲ ಪದ 15, ವ್ಯತ್ಯಾಸ −2, ಎಂಟನೇ ಪದ. ಐದು ನಿಮಿಷ ಸಾಕು. 1 ಅಂತ ಬಂದರೆ ಮೇಷ್ಟ್ರ ಕೆಲಸ ನಡೆದಿದೆ. 29 ಅಂತ ಬಂದರೆ ಬರೀ ಕಾಗದ ತುಂಬಿದೆ.

ಗುರಿಯ ಪಕ್ಕದಲ್ಲೇ ಶಾಲೆ ಏನು ಕೊಡುತ್ತದೆ ಅನ್ನುವುದೂ ಇರಲಿ: ಸ್ಯಾಟ್ಸ್ ಎಂಟ್ರಿಯನ್ನು ಕಚೇರಿಗೆ ವರ್ಗಾಯಿಸುವುದು, ವಾರಕ್ಕೆ ಎರಡು ಪೀರಿಯಡ್ ಬಿಡುವು. ಆಡಳಿತ ಮಂಡಳಿ ಇದಕ್ಕೆ ಒಪ್ಪದಿದ್ದರೆ ಗುರಿಯನ್ನೂ ಅಷ್ಟಕ್ಕೆ ತಕ್ಕ ಹಾಗೆ ಇಳಿಸಿ ಬರೆಯಿರಿ.

ಸಹಿ ಹಾಕಿಸುವ ಮೊದಲು ವರದಿಯ ಪ್ರತಿ ಕೊಟ್ಟು ಎರಡು ದಿನ ಓದಲು ಬಿಡಿ. ಕೆಳಗೆ ಅವರ ಅಭಿಪ್ರಾಯಕ್ಕೆ ಕಾಲು ಪುಟ ಖಾಲಿ ಇರಲಿ. ಸಹಿಯ ಮೇಲೆ "ಓದಿದ್ದೇನೆ" ಅಂತಿರಲಿ, "ಒಪ್ಪಿದ್ದೇನೆ" ಅಂತ ಬೇಡ. ಸರ್ಕಾರಿ ನೌಕರರ ವಿಷಯದಲ್ಲಿ 2008ರ ದೇವ್ ದತ್ತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿತು: ವಾರ್ಷಿಕ ವರದಿಯ ಪ್ರತಿ ನಮೂದನ್ನೂ, ಒಳ್ಳೆಯದಿರಲಿ ಕೆಟ್ಟದಿರಲಿ, ನೌಕರರಿಗೆ ತಿಳಿಸಬೇಕು. ಆ ಪ್ರಕರಣದ ಎಂಜಿನಿಯರ್‌ಗೆ ಸಿಕ್ಕಿದ್ದು ಕೆಟ್ಟ ಶ್ರೇಣಿಯೇನಲ್ಲ, "ಉತ್ತಮ". ಬಡ್ತಿಗೆ "ಅತ್ಯುತ್ತಮ" ಬೇಕಿತ್ತು, ಆ ನಮೂದನ್ನು ಅವರಿಗೆ ತಿಳಿಸಿಯೇ ಇರಲಿಲ್ಲ. 2013ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ನಿಮ್ಮದು ಖಾಸಗಿ ಶಾಲೆ, ತೀರ್ಪು ನೇರವಾಗಿ ನಿಮ್ಮ ಮೇಲೆ ಬಂದಿದ್ದಲ್ಲ. ಆದರೂ ಅದೇ ಕ್ರಮ ಹಿಡಿದರೆ ನಾಳೆ ಯಾರಾದರೂ ಪ್ರಶ್ನೆ ಎತ್ತಿದಾಗ ನಿಮ್ಮ ಕೈಯಲ್ಲಿ ಉತ್ತರ ಇರುತ್ತದೆ.

ಕಾರ್ಯದರ್ಶಿಗಳ ಹತ್ತಿರ ವಾದಕ್ಕೆ ಇಳಿಯಬೇಡಿ. ಈ ಪುಟದ ಜೊತೆ ಆ ಹುಡುಗಿಯ ಎರಡು ಫೋಟೋಗಳನ್ನು, ಹೆಸರು ಮುಚ್ಚಿ, ಮುಂದಿಡಿ. "ಇನ್‌ಕ್ರಿಮೆಂಟ್ ನಿಲ್ಲಿಸಿದರೆ ಈ ಚಿಹ್ನೆ ಸರಿಯಾಗುತ್ತಾ ಸರ್, ಅಥವಾ ಎರಡು ಪೀರಿಯಡ್ ಬಿಡುವು ಕೊಟ್ಟರಾ?" ಅಂತ ಕೇಳಿ. ಅಕ್ಟೋಬರ್ ತನಕ ಸಮಯ ಕೇಳಿಕೊಳ್ಳಿ. ಅಷ್ಟರಲ್ಲಿ ಐದು ಶನಿವಾರದ ನೋಟ್‌ಬುಕ್ ಲೆಕ್ಕ ನಿಮ್ಮ ಹತ್ತಿರ ಇರುತ್ತದೆ. ಆಗಲೂ ಆರರಲ್ಲಿ ಒಂದೋ ಎರಡೋ ಕಂಡರೆ, ಬಿಡುವು ಕೊಟ್ಟ ಮೇಲೂ ಹಾಗೇ ಇದ್ದರೆ, ಗಟ್ಟಿಯಾಗಿ ಬರೆಯಲು ಆಧಾರ ಸಿಕ್ಕಿದ ಹಾಗೆ. ಆಗ ಬರೆಯಿರಿ.